ಕಿರಾಣಿ ಅಂಗಡಿಯ ಅರೆಬರೆ ಪುಸ್ತಕದಿಂದ ವರ್ಷದ ಲೆಕ್ಕ



ಇವತ್ತು ನಾನು ಮಾತಾಡುವುದು ಒಂದೇ ಒಂದು ಕಿರಾಣಿ ಅಂಗಡಿಯ ಬಗ್ಗೆ. ಅದು ಹೈದರಾಬಾದಿನ ಮಾದಾಪುರದಲ್ಲಿ, ಅಯ್ಯಪ್ಪ ಸೊಸೈಟಿಯ ಹಾಸ್ಟೆಲುಗಳ ನಡುವೆ ಇದೆ ಎಂದಿಟ್ಟುಕೊಳ್ಳೋಣ. ನಡೆಸುವವರು ಬೀದರ್ ಕಡೆಯವರು. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೆಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಕಡೆಯವರು ಬದುಕು ಅರಸಿ ಇಲ್ಲಿಗೆ ಬರುವುದು ಹೊಸದಲ್ಲ. 1998ರಲ್ಲಿ ಸೈಬರ್ ಟವರ್ಸ್ ಎದ್ದ ಮೇಲೆ ಮಾದಾಪುರದ ಗಲ್ಲಿಗಳಲ್ಲಿ ಹಾಸ್ಟೆಲು ತುಂಬಿದವು, ಹಾಸ್ಟೆಲಿನ ಹಿಂದೆಯೇ ಅಂಗಡಿಗಳೂ ಬಂದವು. ನನ್ನ ಮೇಜಿಗೆ ಬಂದ ಇಂಥ ಹಲವು ಅಂಗಡಿಗಳ ಕಾಗದಪತ್ರ ಸೇರಿಸಿ, ಅಂಕಿಗಳನ್ನು ದುಂಡಗೆ ಮಾಡಿ, ಒಂದು ಅಂಗಡಿಯನ್ನಾಗಿ ನಿಮ್ಮ ಮುಂದಿಡುತ್ತಿದ್ದೇನೆ. ಹಾಗಾಗಿ ಇದು ಯಾರದೆಂದು ಹುಡುಕಬೇಡಿ.

ಅಪೂರ್ಣ ದಾಖಲೆಗಳಿಂದ ಅಂತಿಮ ಲೆಕ್ಕ ತಯಾರಿಸುವ ಕ್ರಮವನ್ನು ಪಿಯುಸಿಯಲ್ಲೇ ಕಲಿಸುತ್ತಾರೆ. ಅಲ್ಲಿಯ ಲೆಕ್ಕದಲ್ಲಿ ಒಂದು ಅಂಕಿ ಮಾತ್ರ ಬಿಟ್ಟಿರುತ್ತಾರೆ. ಎರಡೂ ಬದಿ ಕೂಡಿ ಕಳೆದರೆ ಅದು ಸಿಕ್ಕಿಬಿಡುತ್ತದೆ. ಅಂಗಡಿಯಲ್ಲಿ ಬಿಟ್ಟುಹೋಗಿರುವುದು ಎಷ್ಟು ಅಂಕಿ ಎನ್ನುವುದೇ ಗೊತ್ತಿರುವುದಿಲ್ಲ. ನಾನು ಹೇಳಬೇಕೆಂದಿರುವುದು ಇದರಿಂದ ಹುಟ್ಟುವ ಒಂದು ತೊಡಕನ್ನು: ಇಂಥ ಲೆಕ್ಕ ಪೈಸೆಗೆ ಪೈಸೆ ತಾಳೆಯಾದರೂ ತಪ್ಪಾಗಿರಬಹುದು. ಮೊದಲು ಅಂಗಡಿಯಲ್ಲಿ ಏನೇನು ದಾಖಲೆ ಸಿಗುತ್ತದೆ ಎಂದು ನೋಡೋಣ. ಆಮೇಲೆ ಮಾರಾಟದ ಅಂಕಿ ಎಲ್ಲಿಂದ ಬರುತ್ತದೆ, ಆ ಅಂಕಿಯನ್ನು ನಂಬಬಹುದೇ ಎಂಬ ವಿಚಾರಕ್ಕೆ ಬರುತ್ತೇನೆ. ಕೊನೆಗೆ ತೆರಿಗೆಯ ವಿಷಯ ಒಂದಿಷ್ಟು.

ಅಂಗಡಿಯಲ್ಲಿ ಸಿಕ್ಕಿದ್ದು ಇಷ್ಟು. ಕಂಬಿಗೆ ಚುಚ್ಚಿಟ್ಟ ಖರೀದಿ ಬಿಲ್ಲುಗಳು. ಹಾಸ್ಟೆಲಿನವರ, ಪರಿಚಯದವರ ಉದ್ರಿ ಬರೆದ ಉದ್ದನೆಯ ಪುಸ್ತಕ. ಬ್ಯಾಂಕಿನ ವರ್ಷದ ಸ್ಟೇಟ್‌ಮೆಂಟು. ಹುಡುಗನ ಪಗಾರ, ಆಟೋ ಬಾಡಿಗೆ ಗೀಚಿದ ಒಂದು ಡೈರಿ. ನಗದು ಪುಸ್ತಕ ಇಲ್ಲ, ದಿನದ ಮಾರಾಟ ಎಲ್ಲೂ ಬರೆದಿಲ್ಲ, ಮನೆಗೆ ಒಯ್ದದ್ದಕ್ಕೆ ಗುರುತೇ ಇಲ್ಲ. ಏಕ ನಮೂದು ಪದ್ಧತಿ ಎನ್ನುತ್ತೇವಲ್ಲ, ಅದು ಒಂದು ಪದ್ಧತಿ ಎನ್ನುವುದೇ ದೊಡ್ಡ ಮಾತು. ಯಾರಿಂದ ಹಣ ಬರಬೇಕು, ಯಾರಿಗೆ ಕೊಡಬೇಕು ಎನ್ನುವುದನ್ನು ಅಂಗಡಿಯವರು ತಪ್ಪದೆ ಬರೆಯುತ್ತಾರೆ, ಏಕೆಂದರೆ ಮರೆತರೆ ನಷ್ಟ. ಕೈಗೆ ಬಂದು ಕೈಯಿಂದ ಹೋದದ್ದನ್ನು ಬರೆಯುವುದಿಲ್ಲ.

ನಮ್ಮ ಅಂಗಡಿಯ ವರ್ಷ 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ. ಆರಂಭದ ದಿನ ಅಂಗಡಿ ಅಣ್ಣನ ಕೈಯಿಂದ ತಮ್ಮನ ಕೈಗೆ ಬಂತು. ಅವತ್ತು ಇಬ್ಬರೂ ಕೂತು ಎಣಿಸಿದ್ದರಿಂದ ಆರಂಭದ ಅಂಕಿಗಳು ಗಟ್ಟಿಯಾಗಿವೆ. ನಗದು 15,000 ರೂಪಾಯಿ, ಬ್ಯಾಂಕಿನಲ್ಲಿ 85,000, ದಾಸ್ತಾನು 5,20,000, ಉದ್ರಿ ಬರಬೇಕಾದದ್ದು 1,10,000, ಫ್ರಿಜ್ಜು, ರ್‍ಯಾಕು, ತಕ್ಕಡಿ 1,20,000, ಮಳಿಗೆಯ ಅಡ್ವಾನ್ಸ್ 1,50,000. ಒಟ್ಟು 10 ಲಕ್ಷ. ಸಗಟು ವ್ಯಾಪಾರಿಗಳಿಗೆ ಕೊಡಬೇಕಾದದ್ದು 2,40,000. ಉಳಿದ 7,60,000 ರೂಪಾಯಿ ತಮ್ಮನ ಆರಂಭದ ಬಂಡವಾಳ. ಅಣ್ಣತಮ್ಮಂದಿರು ತಮ್ಮೊಳಗೆ ಅದನ್ನು ಹೇಗೆ ಹಂಚಿಕೊಂಡರು ಎಂಬುದು ಬೇರೆ ಮಾತು.

ವರ್ಷದ ಕೊನೆಯ ದಾಸ್ತಾನಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಲಾಭವನ್ನು ಏರಿಸುವ ಇಳಿಸುವ ದೊಡ್ಡ ಅಂಕಿ ಅದೇ. 2025ರಲ್ಲಿ ಮಾರ್ಚ್ 30 ಭಾನುವಾರ ಯುಗಾದಿ, 31 ರಂಜಾನ್ ಹಬ್ಬ. ಆ ರಾತ್ರಿ ಎಣಿಸುವವರು ಯಾರು? ಎಣಿಕೆ ನಡೆದದ್ದು ಏಪ್ರಿಲ್ 6ರ ಭಾನುವಾರ, ಅಂಗಡಿ ಮುಚ್ಚಿದ ಮೇಲೆ. ಅವತ್ತಿನ ದಾಸ್ತಾನು ಖರೀದಿ ಬೆಲೆಯಲ್ಲಿ 5,62,000 ಬಂತು. ಆ ಆರು ದಿನದಲ್ಲಿ ಕೊಂಡ ಸರಕು 1,15,000. ಅದು ಮಾರ್ಚ್ 31ಕ್ಕೆ ಇರಲಿಲ್ಲ, ಕಳೆಯಬೇಕು. ಆರು ದಿನದ ಮಾರಾಟವನ್ನು ಬರೆದಿಡಿ ಎಂದು ಮೊದಲೇ ಹೇಳಿದ್ದರಿಂದ ಅದು 1,51,000 ಎಂದು ಗೊತ್ತಿತ್ತು. ಅದರ ಅಸಲು ಸುಮಾರು 1,33,000. ಅದು ಮಾರ್ಚ್ 31ಕ್ಕೆ ಅಂಗಡಿಯಲ್ಲೇ ಇತ್ತು, ಸೇರಿಸಬೇಕು. ಹೀಗೆ ಹಿಂದಕ್ಕೆ ನಡೆದರೆ 5,80,000. ಮಾರಾಟವನ್ನು ಅಸಲಿಗೆ ಇಳಿಸುವಾಗ ನೂರಕ್ಕೆ ಹನ್ನೆರಡು ಲಾಭ ಎಂದು ಹಿಡಿದಿದ್ದೇವೆ. ಆರು ದಿನಕ್ಕೆ ಇದರಲ್ಲಿ ಒಂದು ಪಾಲು ಹೆಚ್ಚುಕಡಿಮೆಯಾದರೂ ಸಾವಿರದೈನೂರು ರೂಪಾಯಿಯ ವ್ಯತ್ಯಾಸ, ಅಷ್ಟೇ. ಎಣಿಕೆಯನ್ನು ಎರಡು ತಿಂಗಳು ತಡಮಾಡಿದರೆ ಅದೇ ಊಹೆ ಲೆಕ್ಕವನ್ನೇ ನುಂಗುತ್ತದೆ.

ಎಣಿಸುವಾಗ ಹುಡುಗರು ಪೊಟ್ಟಣದ ಮೇಲಿನ ಎಂಆರ್‌ಪಿ ನೋಡಿ ಬರೆದುಬಿಡುತ್ತಾರೆ. ಬೆಲೆ ಕಣ್ಣೆದುರಿಗೇ ಇರುವಾಗ ಬಿಲ್ಲು ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ. ಹಾಗೆ ಮಾಡಿದರೆ ಇನ್ನೂ ಮಾರದ ಸರಕಿನ ಲಾಭ ಈ ವರ್ಷವೇ ಬಂದಂತೆ ಆಗುತ್ತದೆ. ಖರೀದಿ ಬೆಲೆಯಲ್ಲೇ ಹಿಡಿಯಬೇಕು. ತಾರೀಕು ಮುಗಿದ ಬಿಸ್ಕತ್ತು, ಹುಳ ಬಿದ್ದ ರವೆ ಇದ್ದರೆ ಕಂಪನಿ ವಾಪಸು ತೆಗೆದುಕೊಳ್ಳುತ್ತದೆಯೇ ಎಂದು ಕೇಳಿ, ಇಲ್ಲವೆಂದರೆ ಅದರ ಬೆಲೆ ಸೊನ್ನೆ.

ಇನ್ನು ಎರಡನೆಯ ಭಾಗಕ್ಕೆ ಬರುತ್ತೇನೆ. ಖರೀದಿಯ ಅಂಕಿ ಸುಲಭ. ಬೇಗಂ ಬಜಾರಿನ ಸಗಟು ವ್ಯಾಪಾರಿಗಳಿಗೆ, ಕಂಪನಿ ಏಜೆನ್ಸಿಗಳಿಗೆ ಬ್ಯಾಂಕಿನಿಂದ ಕೊಟ್ಟದ್ದು 60,78,000. ಅವರಿಗೆ ಕೊಡಬೇಕಾದ ಬಾಕಿ 2,40,000ದಿಂದ 2,80,000ಕ್ಕೆ ಏರಿದೆ. ಅಂದರೆ ಉದ್ರಿ ಖರೀದಿ 61,18,000. ನಗದು ಕೊಟ್ಟು ತಂದದ್ದು ಬಿಲ್ಲು ಮತ್ತು ಚೀಟಿಗಳ ಪ್ರಕಾರ 18,89,000. ಒಟ್ಟು 80,07,000.

ಮಾರಾಟ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಹಣದ ಜಾಡು ಹಿಡಿದು ಹುಡುಕಬೇಕು. ಬ್ಯಾಂಕಿಗೆ ಅಂಗಡಿಯವರೇ ಕಟ್ಟಿದ ನಗದನ್ನು ಬಿಟ್ಟು, ಫೋನ್‌ಪೇ, ಗೂಗಲ್‌ಪೇ, ನೇರ ವರ್ಗಾವಣೆ ಸೇರಿ ಬಂದದ್ದು 66,80,000. ನಗದು ಮಾರಾಟವನ್ನು ಎಣಿಸಿಟ್ಟವರಿಲ್ಲ. ಆದರೆ ಗಲ್ಲಾದಿಂದ ಹೊರಗೆ ಹೋದದ್ದು ಗೊತ್ತಿದ್ದರೆ ಒಳಗೆ ಬಂದದ್ದೂ ತಿಳಿಯುತ್ತದೆ. ನಗದು ಖರೀದಿ 18,89,000, ಹುಡುಗನ ಪಗಾರ 1,44,000, ಆಟೋ, ಕವರು, ಚಿಲ್ಲರೆ ಖರ್ಚು 60,000, ಬ್ಯಾಂಕಿಗೆ ಕಟ್ಟಿದ್ದು 3,00,000, ಕೊನೆಯ ದಿನದ ಶಿಲ್ಕು 20,000. ಇದರಲ್ಲಿ ಆರಂಭದ 15,000 ಕಳೆದರೆ ವರ್ಷವಿಡೀ ಗಲ್ಲಾಕ್ಕೆ ಬಂದ ನಗದು 23,98,000. ಎರಡೂ ಸೇರಿ ಗಿರಾಕಿಗಳಿಂದ ಬಂದದ್ದು 90,78,000. ಉದ್ರಿ ಬಾಕಿ 1,10,000ದಿಂದ 1,40,000ಕ್ಕೆ ಏರಿದೆ, ಊರು ಬಿಟ್ಟ ಹುಡುಗರಿಂದ ಮುಳುಗಿದ್ದು 12,000. ಈ 42,000 ಕೂಡಿಸಿದರೆ ವರ್ಷದ ಮಾರಾಟ 91,20,000.

ಮಾರಿದ ಸರಕಿನ ಅಸಲು ಎಂದರೆ ಆರಂಭದ ದಾಸ್ತಾನಿಗೆ ಖರೀದಿ ಕೂಡಿಸಿ, ಕೊನೆಯ ದಾಸ್ತಾನು ಕಳೆದದ್ದು: 79,47,000. ಒಟ್ಟು ಲಾಭ 11,73,000. ಮಾರಾಟದ ಮೇಲೆ ನೂರಕ್ಕೆ 12.9. ಇದರಿಂದ ಖರ್ಚು ಕಳೆಯಬೇಕು: ಮಳಿಗೆ ಬಾಡಿಗೆ 3,00,000, ಕರೆಂಟು 72,000, ಪಗಾರ 1,44,000, ಚಿಲ್ಲರೆ 60,000, ಜಿಎಸ್‌ಟಿ 60,000, ಮುಳುಗಿದ ಉದ್ರಿ 12,000, ಸವಕಳಿ 18,000. ವರ್ಷದ ನಡುವೆ 60,000ಕ್ಕೆ ಹೊಸ ಫ್ರಿಜ್ಜು ಬಂದಿದೆ. ಹಳೆಯದೂ ಹೊಸದೂ ಸೇರಿ 1,80,000ದ ಮೇಲೆ ನೂರಕ್ಕೆ ಹತ್ತು ಸವಕಳಿ ಹಿಡಿದಿದ್ದೇವೆ. ಒಟ್ಟು ಖರ್ಚು 6,66,000. ನಿವ್ವಳ ಲಾಭ 5,07,000.

ಜಿಎಸ್‌ಟಿ ಖರ್ಚಿನಲ್ಲಿ ಹೇಗೆ ಬಂತು ಎಂದು ವಿದ್ಯಾರ್ಥಿಗಳು ಕೇಳಬಹುದು. ಅಂಗಡಿ ಕಾಂಪೊಸಿಷನ್ ಯೋಜನೆಯಲ್ಲಿದೆ. ತೆರಿಗೆ ಬೀಳುವ ಸರಕಿನ ಮಾರಾಟದ ಮೇಲೆ ನೂರಕ್ಕೆ ಒಂದು ಕಟ್ಟಬೇಕು, ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲೆ ಕೊಟ್ಟ ತೆರಿಗೆ ವಾಪಸೂ ಬರುವುದಿಲ್ಲ. ಹಾಗಾಗಿ ಖರೀದಿ ಬಿಲ್ಲಿನ ತೆರಿಗೆ ಅಸಲಿನಲ್ಲೇ ಸೇರುತ್ತದೆ, ಕಟ್ಟಿದ್ದು ಖರ್ಚಾಗುತ್ತದೆ. ಬಿಡಿ ಅಕ್ಕಿ, ಬಿಡಿ ಬೇಳೆ, ಪ್ಯಾಕೆಟ್ ಹಾಲು, ತರಕಾರಿಗೆ ತೆರಿಗೆಯಿಲ್ಲ.

ಈ ಲಾಭವನ್ನು ಇನ್ನೊಂದು ದಾರಿಯಲ್ಲೂ ಪರೀಕ್ಷಿಸಬಹುದು. ವರ್ಷದ ಕೊನೆಗೆ ನಗದು 20,000, ಬ್ಯಾಂಕು 1,05,000, ದಾಸ್ತಾನು 5,80,000, ಉದ್ರಿ 1,40,000, ಸವಕಳಿ ಕಳೆದ ಫ್ರಿಜ್ಜು ರ್‍ಯಾಕುಗಳು 1,62,000, ಅಡ್ವಾನ್ಸ್ 1,50,000. ಒಟ್ಟು 11,57,000. ಕೊಡಬೇಕಾದ 2,80,000 ಕಳೆದರೆ ಬಂಡವಾಳ 8,77,000. ಆರಂಭಕ್ಕಿಂತ 1,17,000 ಹೆಚ್ಚು. ಬ್ಯಾಂಕಿನಿಂದ ಮನೆ ಬಾಡಿಗೆ, ಮಕ್ಕಳ ಫೀಸಿಗೆ 2,70,000, ಚೀಟಿಯ ಕಂತಿಗೆ 1,20,000 ಹೋಗಿದೆ. ಸ್ವಂತಕ್ಕೆ ತೆಗೆದ ಈ 3,90,000 ಕೂಡಿಸಿದರೆ ಲಾಭ 5,07,000. ಎರಡೂ ದಾರಿ ಒಂದೇ ಅಂಕಿಗೆ ಬಂದವು. ಅಢಾವೆ ಪತ್ರಿಕೆಯ ಎರಡೂ ಬದಿ ಸಮ.

ಪರೀಕ್ಷೆಯ ಉತ್ತರಪತ್ರಿಕೆಯಾಗಿದ್ದರೆ ಪೂರ್ತಿ ಅಂಕ ಬರುತ್ತಿತ್ತು. ಆದರೆ ಈ ಲೆಕ್ಕ ತಪ್ಪು.

ಮೂರನೆಯ ಭಾಗ ಇಲ್ಲಿಂದ ಶುರು. ಎರಡು ದಾರಿಗಳು ಕೂಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ನಗದು ಮಾರಾಟವನ್ನು ನಾವು ಕಂಡುಹಿಡಿದದ್ದೇ ಕೂಡಿ ಕಳೆದು ಉಳಿದ ಅಂಕಿಯಾಗಿ. ನಮಗೆ ಗೊತ್ತಿಲ್ಲದ ಎಲ್ಲವೂ ಆ ಒಂದು ಅಂಕಿಯೊಳಗೆ ಹೋಗಿ ಅಡಗುತ್ತದೆ, ಹಾಗಾಗಿ ಮುಂದೆ ಯಾವ ಪಟ್ಟಿ ಮಾಡಿದರೂ ಅದು ಕೂಡಿಯೇ ಕೂಡುತ್ತದೆ. ಕೂಡಿ ಕಳೆಯುವುದರಲ್ಲಿ ತಪ್ಪಿಲ್ಲ ಎಂಬುದಕ್ಕೆ ಅದು ಸಾಕ್ಷಿ; ಮಾರಾಟ ಅಷ್ಟೇ ಆಯಿತು ಎಂಬುದಕ್ಕಲ್ಲ. ಅದಕ್ಕೆ ಪುಸ್ತಕದ ಹೊರಗಿನ ಸಾಕ್ಷಿ ಬೇಕು.

ಹೊರಗಿನ ಮೊದಲ ಸಾಕ್ಷಿ ಲಾಭದ ದರ. ಖರೀದಿ ಬಿಲ್ಲುಗಳನ್ನು ನಾಲ್ಕು ಗುಡ್ಡೆ ಮಾಡಿ. ನಮ್ಮ ಅಂಗಡಿಯ ಮಾರಾಟದಲ್ಲಿ ಹಾಲು, ಮೊಸರು, ಬ್ರೆಡ್ಡು ಐದರಲ್ಲೊಂದು ಪಾಲು. ಅದರಲ್ಲಿ ಉಳಿಯುವುದು ನೂರಕ್ಕೆ ಐದು. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ ನೂರಕ್ಕೆ ಮೂವತ್ತೈದು ಪಾಲು, ಉಳಿಯುವುದು ಹತ್ತು. ಸೋಪು, ಬಿಸ್ಕತ್ತು, ನೂಡಲ್ಸಿನಂಥವು ಮೂವತ್ತು ಪಾಲು, ಉಳಿಯುವುದು ಹದಿನಾಲ್ಕು. ಬಿಡಿ ಮಸಾಲೆ, ಖಾರ, ಕೂಲ್‌ಡ್ರಿಂಕ್ಸ್ ಹದಿನೈದು ಪಾಲು, ಉಳಿಯುವುದು ಇಪ್ಪತ್ತನಾಲ್ಕು. ಕೂಡಿಸಿದರೆ ಅಂಗಡಿಗೆ ನೂರಕ್ಕೆ 12.3 ಬರಬೇಕು. ನಮ್ಮ ಲೆಕ್ಕ 12.9 ಎನ್ನುತ್ತದೆ. ಹತ್ತಿರವೇ ಇದೆ. ಇಲ್ಲೇ ಸಮಾಧಾನಪಟ್ಟು ಸಹಿ ಹಾಕುವವರೇ ಹೆಚ್ಚು.

ಎರಡನೆಯ ಸಾಕ್ಷಿಗೆ ಬ್ಯಾಂಕ್ ಸ್ಟೇಟ್‌ಮೆಂಟಿನ ಜಮೆಗಳನ್ನು ಒಂದೊಂದಾಗಿ ಓದಬೇಕು. ಕಿರಾಣಿ ಅಂಗಡಿಯ ಜಮೆಗಳು 37, 84, 212 ಹೀಗೆ ಇರುತ್ತವೆ. ನಡುವೆ ಒಂದು 2,00,000. ಕೇಳಿದರೆ ಚೀಟಿ ಎತ್ತಿದ ಹಣ. ಚೀಟಿ ಹೆಂಡತಿಯ ಹೆಸರಿನದು, ಬಂದದ್ದು ಅಂಗಡಿಯ ಖಾತೆಗೆ. ಅದು ಮಾರಾಟವಲ್ಲ, ಹೊರಗಿನಿಂದ ಬಂದ ಬಂಡವಾಳ. ಇನ್ನೊಂದು 1,00,000, ಭಾವ ಕೊಟ್ಟ ಕೈಗಡ. ಅದು ಸಾಲ, ಅಢಾವೆ ಪತ್ರಿಕೆಯಲ್ಲಿ ಹೊಣೆಯ ಬದಿಗೆ ಬರಬೇಕು.

ಇದರ ಜೊತೆಗೆ ಹಾಸ್ಟೆಲ್ ಗಲ್ಲಿಗಳಿಗೇ ವಿಶಿಷ್ಟವಾದ ಇನ್ನೊಂದು ಬಗೆಯ ಜಮೆ ಇದೆ. ರಾತ್ರಿ ಹತ್ತರ ಹೊತ್ತಿಗೆ 500, 1,000, 2,000, ಎಲ್ಲವೂ ದುಂಡು ಅಂಕಿ. ಎಟಿಎಂವರೆಗೆ ಹೋಗಲು ಬೇಸರವಾದ ಹುಡುಗರು "ಅಣ್ಣಾ, ಫೋನ್‌ಪೇ ಮಾಡ್ತೀನಿ, ಕ್ಯಾಶ್ ಕೊಡಿ" ಎಂದು ಪಡೆದದ್ದು. ಇದನ್ನು ಒಟ್ಟು 1,80,000 ಎಂದು ಅಂದಾಜಿಸಿದೆವು. ಅಂದಾಜು ತಪ್ಪಿದ್ದರೂ ಒಟ್ಟು ಮಾರಾಟ ಕದಲುವುದಿಲ್ಲ. ಬ್ಯಾಂಕಿಗೆ ಎಷ್ಟು ಹೆಚ್ಚು ಬಂತೋ ಗಲ್ಲಾದಿಂದ ಅಷ್ಟೇ ಹೋಗಿದೆ. ಅದನ್ನು ಗುರುತಿಸದಿದ್ದಾಗ ಬ್ಯಾಂಕಿನ ಮಾರಾಟ ಉಬ್ಬಿ, ನಗದು ಮಾರಾಟ ಅಷ್ಟೇ ಕುಗ್ಗುತ್ತದೆ. ಎರಡೂ ಬದಿ ಸರಿಪಡಿಸಿ, ಬ್ಯಾಂಕಿನ ಮೂಲಕ ಗಿರಾಕಿಗಳಿಂದ ಬಂದದ್ದು 62,00,000 ಎಂದು ನಿಲ್ಲಿಸಿದೆವು.

ಚೀಟಿ ಮತ್ತು ಕೈಗಡದ ಮೂರು ಲಕ್ಷ ತೆಗೆದ ಕೂಡಲೇ ಮಾರಾಟ 88,20,000ಕ್ಕೆ ಇಳಿಯಿತು, ಲಾಭದ ದರ 9.9ಕ್ಕೆ ಬಿತ್ತು. ಸರಿ ಮಾಡಲು ಹೋದರೆ ಲೆಕ್ಕ ಇನ್ನಷ್ಟು ಕೆಟ್ಟಂತೆ ಕಾಣುತ್ತದೆ. ಎಷ್ಟೋ ಜನ ಗಾಬರಿಯಾಗಿ ಹಿಂದಿನ ಅಂಕಿಗೇ ಮರಳುವುದು ಈ ಹಂತದಲ್ಲಿ. 12.3 ಬರಬೇಕಾದಲ್ಲಿ 9.9 ಬಂದರೆ, ಎರಡು ಲಕ್ಷಕ್ಕೂ ಮಿಕ್ಕ ಹಣವೋ ಸರಕೋ ನಮಗೆ ಕಾಣದೆ ಹೊರಗೆ ಹೋಗಿದೆ ಎಂದರ್ಥ.

ಮೂರನೆಯ ಸಾಕ್ಷಿ ಮನೆ. ಬ್ಯಾಂಕಿನಿಂದ ಬಾಡಿಗೆ, ಫೀಸು ಹೋಗಿದೆ, ಸರಿ. ನಾಲ್ಕು ಜನರ ಸಂಸಾರ ಊಟ ಮಾಡಿದ್ದು, ತರಕಾರಿ ತಂದದ್ದು, ಆಟೋ ಹತ್ತಿದ್ದು ಯಾವ ಹಣದಲ್ಲಿ? ಅಂಗಡಿಯವರನ್ನು ಕೇಳಿದರೆ "ಏನಿಲ್ಲ ಸರ್, ಚಿಲ್ಲರೆ" ಎಂದರು. ಅವರ ಮನೆಯವರನ್ನು ಕೇಳಿದಾಗ ಉತ್ತರ ನೇರವಾಗಿ ಬಂತು: "ದಿನಾ ರಾತ್ರಿ ಗಲ್ಲಾದಾಗಿಂದ ಐದುನೂರು ಕೊಡತಾರ್ರಿ. ಅಕ್ಕಿ, ಬ್ಯಾಳಿ, ಎಣ್ಣಿ ಅಂಗಡಿದೇ ಅದಾವ, ಅದಕ್ಕ್ಯಾಕ ರೊಕ್ಕ?" ಅಂಗಡಿ ತೆರೆದಿದ್ದ 360 ದಿನಕ್ಕೆ 1,80,000. ಅಂಗಡಿಯಿಂದ ಮನೆಗೆ ಹೋದ ಸರಕು ತಿಂಗಳಿಗೆ 5,000ದಂತೆ, ಖರೀದಿ ಬೆಲೆಯಲ್ಲಿ 60,000.

ಇವೆರಡೂ ಹಿಂತೆಗೆತವೇ ಆದರೂ ಲೆಕ್ಕದಲ್ಲಿ ಸೇರುವ ಜಾಗ ಬೇರೆ. ಮನೆಗೆ ಕೊಟ್ಟ ನಗದು ಗಲ್ಲಾದಿಂದ ಹೋದದ್ದು, ಹಾಗಾಗಿ ಬಂದ ನಗದು ಅಷ್ಟು ಹೆಚ್ಚು, ಮಾರಾಟ 90,00,000. ಮನೆಗೆ ಹೋದ ಸರಕು ಮಾರಾಟವಾಗಿಲ್ಲ. ಅದನ್ನು ಖರೀದಿಯಿಂದ ಕಳೆಯಬೇಕು, ಅಸಲು 78,87,000ಕ್ಕೆ ಇಳಿಯುತ್ತದೆ. ಒಟ್ಟು ಲಾಭ 11,13,000, ದರ ನೂರಕ್ಕೆ 12.4. ಖರ್ಚು ಅದೇ 6,66,000. ನಿವ್ವಳ ಲಾಭ 4,47,000.

ಮೊದಲ ಲೆಕ್ಕದಲ್ಲೂ ದರ ಹೆಚ್ಚುಕಡಿಮೆ ಇಷ್ಟೇ ಇತ್ತು ಎಂಬುದನ್ನು ಗಮನಿಸಿ. ಚೀಟಿ, ಕೈಗಡ ಮಾರಾಟವನ್ನು ಉಬ್ಬಿಸಿದ್ದವು; ಮನೆಯ ಖರ್ಚು ಅದನ್ನು ಕುಗ್ಗಿಸಿತ್ತು. ಎರಡು ತಪ್ಪುಗಳು ಎದುರುಬದುರು ನಿಂತು ಒಂದನ್ನೊಂದು ಮರೆಮಾಡಿದ್ದವು. ಲಾಭದ ದರವೊಂದನ್ನೇ ನೋಡಿ ನಂಬುವುದು ಅದಕ್ಕೇ ಅಪಾಯ. ಈ ಮೂರು ಸಾಕ್ಷಿಗಳಿಗೂ ಸಿಗದ ಸಂಗತಿಗಳಿವೆ, ಅದನ್ನೂ ಹೇಳಬೇಕು. ಇಲಿ ತಿಂದದ್ದು, ತೂಕದಲ್ಲಿ ಹೆಚ್ಚು ಹೋದದ್ದು, ಹುಡುಗ ಜೇಬಿಗಿಳಿಸಿದ್ದು, ಇವು ಮೂರೂ ದರವನ್ನು ಒಂದೇ ರೀತಿ ತಗ್ಗಿಸುತ್ತವೆ. ಯಾವುದು ಎಷ್ಟು ಎಂದು ಕಾಗದ ನೋಡಿ ಹೇಳಲಾಗದು.

ಕೊನೆಗೆ ತೆರಿಗೆಯ ಮಾತು. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡು ತೆಗೆದು "ನಗದು ಮಾತ್ರ" ಎಂದು ಬರೆದು ಹಾಕಿದವು. ಬ್ಯಾಂಕಿನ ಜಮೆಯೇ ಮಾರಾಟವಲ್ಲ ಎಂದು ವ್ಯಾಪಾರಿಗಳು ಹೇಳಿದ್ದು ನಿಜ. ಆದರೆ ಯಾವ ಜಮೆ ಯಾತರದು ಎಂದು ಬರೆದಿಡದವರಿಗೆ ಅದನ್ನು ತೋರಿಸಿಕೊಡುವ ದಾರಿಯಿರಲಿಲ್ಲ. ನಮ್ಮ ಅಂಗಡಿಯಲ್ಲಿ ಹಾಗೆ ಬಿಡಿಸಿ ಹೇಳಬೇಕಾದದ್ದು 4,80,000.

ಆದಾಯ ತೆರಿಗೆಯಲ್ಲಿ ಆ ವರ್ಷಕ್ಕೆ ಅನ್ವಯಿಸುತ್ತಿದ್ದ 1961ರ ಕಾಯ್ದೆಯ 44ಎಡಿ ಕಲಮು ಇಂಥವರಿಗೆ ಒಂದು ಸಲೀಸು ದಾರಿ ಕೊಟ್ಟಿತ್ತು. ಬ್ಯಾಂಕಿನ ಮೂಲಕ ಬಂದ ಮಾರಾಟದ ನೂರಕ್ಕೆ ಆರು, ಉಳಿದದ್ದರ ನೂರಕ್ಕೆ ಎಂಟು ಆದಾಯವೆಂದು ತೋರಿಸಿದರೆ ಪುಸ್ತಕ ಕೇಳುತ್ತಿರಲಿಲ್ಲ. ನಮ್ಮ ಅಂಗಡಿಗೆ ಅದು 3,72,000 ಮತ್ತು 2,24,000, ಒಟ್ಟು 5,96,000. ನಿಜ ಲಾಭಕ್ಕಿಂತ ಸುಮಾರು ಒಂದೂವರೆ ಲಕ್ಷ ಹೆಚ್ಚು. ಆದರೂ ಹೊಸ ಪದ್ಧತಿಯಲ್ಲಿ ಆ ವರ್ಷ ಏಳು ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇದ್ದದ್ದರಿಂದ ಕಟ್ಟಬೇಕಾದ ತೆರಿಗೆ ಸೊನ್ನೆ. ಕಡಿಮೆ ಲಾಭ ತೋರಿಸಿ ಪುಸ್ತಕ, ಆಡಿಟ್ಟು ಎಂದು ತಲೆಗೆ ಕಟ್ಟಿಕೊಳ್ಳುವುದಕ್ಕಿಂತ 5,96,000 ತೋರಿಸುವುದೇ ಜಾಣತನ. ಅದನ್ನೇ ಮಾಡಿ ಎಂದೆ.

ಹಾಗಾದರೆ ಇಷ್ಟೆಲ್ಲ ಲೆಕ್ಕ ಯಾಕೆ ಎಂದು ಅಂಗಡಿಯವರೇ ಕೇಳಿದರು. ಉತ್ತರ ಬಂಡವಾಳದ ಖಾತೆಯಲ್ಲಿದೆ. ವರ್ಷಕ್ಕೆ ಗಳಿಸಿದ್ದು 4,47,000. ಫೀಸು, ಮನೆ ಬಾಡಿಗೆ, ಚೀಟಿಯ ಕಂತು, ದಿನದ ಐದುನೂರು, ಒಯ್ದ ಸರಕು ಎಲ್ಲ ಸೇರಿ ಮನೆಗೆ ಹೋದದ್ದು 6,30,000. ಗಳಿಕೆಗಿಂತ 1,83,000 ಹೆಚ್ಚು. ಆದರೂ ಬಂಡವಾಳ 7,60,000ದಿಂದ 7,77,000ಕ್ಕೆ ಏರಿದಂತೆ ಕಾಣುವುದು ಚೀಟಿಯ ಎರಡು ಲಕ್ಷ ಒಳಗೆ ಬಂದದ್ದರಿಂದ. ಚೀಟಿ ಒಮ್ಮೆ ಎತ್ತಿಯಾಗಿದೆ. ಬರುವ ವರ್ಷ ತಿಂಗಳಿಗೆ ಹತ್ತು ಸಾವಿರದ ಕಂತು ಇರುತ್ತದೆ, ಎತ್ತಲು ಹಣವಿರುವುದಿಲ್ಲ. ಭಾವನ ಒಂದು ಲಕ್ಷವೂ ಕೊಡಬೇಕು. ಬೇಗಂ ಬಜಾರಿನ ಬಾಕಿ ಆಗಲೇ 40,000 ಏರಿದೆ. ಈ ವರ್ಷದಂತೆಯೇ ಮುಂದಿನ ವರ್ಷವೂ ನಡೆದರೆ ಆ 1,83,000 ಬರಬೇಕಾದದ್ದು ದಾಸ್ತಾನಿನಿಂದ, ಇಲ್ಲವೇ ಸಗಟು ವ್ಯಾಪಾರಿಗಳ ಉದ್ರಿಯಿಂದ. ಇದನ್ನು ಕೇಳಿದ ಮೇಲೆ ಅವರು ಎರಡು ಕೆಲಸ ಮಾಡಿದರು. ಚೀಟಿ ಮತ್ತು ಮನೆಯ ವ್ಯವಹಾರಕ್ಕೆ ಬೇರೆ ಖಾತೆ ತೆರೆದರು; ಗಲ್ಲಾದ ಪಕ್ಕ ನೂರು ಹಾಳೆಯ ಒಂದು ನೋಟುಪುಸ್ತಕ ಇಟ್ಟು, ರಾತ್ರಿಯ ಶಿಲ್ಕು ಮತ್ತು ಮನೆಗೆ ಕೊಟ್ಟದ್ದು, ಈ ಎರಡನ್ನು ಮಾತ್ರ ಬರೆಯತೊಡಗಿದರು. ದಿನದ ಮಾರಾಟವನ್ನೂ ಬರೆಯಿರಿ ಎಂದು ನಾನು ಕೇಳಲಿಲ್ಲ. ಈ ಎರಡು ಸಾಲು ಸರಿಯಾಗಿದ್ದರೆ, ಮಾರಾಟವನ್ನು ಬ್ಯಾಂಕಿನ ಸ್ಟೇಟ್‌ಮೆಂಟು, ಖರೀದಿಯ ಬಿಲ್ಲು, ಉದ್ರಿ ಪುಸ್ತಕ ಮತ್ತು ಖರ್ಚಿನ ಡೈರಿಯಿಂದ ನಾವೇ ತೆಗೆಯಬಹುದು.